ದರ್ಜಿಯ ಲೆಕ್ಕ: ನನಗೆ 2400 ಬರುತ್ತಿದೆ, ಉತ್ತರದಲ್ಲಿ 2040 ಇದೆ

ಆಲೂರಿನ ಹುಡುಗಿ

ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ, ದಿನವೂ ಆಲೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಓಡಾಡುತ್ತೇನೆ. ಅಭ್ಯಾಸದ ಹಾಳೆಯಲ್ಲಿ ಬಂದ ಒಂದು ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕ ಎರಡು ದಿನದಿಂದ ತಲೆ ತಿನ್ನುತ್ತಿದೆ.

ಒಬ್ಬ ದರ್ಜಿ ಸಾದಾ ರವಿಕೆ ಮತ್ತು ಲೈನಿಂಗ್ ರವಿಕೆ ಹೊಲಿಯುತ್ತಾನೆ. ಸಾದಾ ರವಿಕೆಗೆ ಕಟಿಂಗ್ 20 ನಿಮಿಷ, ಮೆಷಿನ್ ಕೆಲಸ 60 ನಿಮಿಷ. ಲೈನಿಂಗ್ ರವಿಕೆಗೆ ಕಟಿಂಗ್ 40 ನಿಮಿಷ, ಮೆಷಿನ್ 80 ನಿಮಿಷ. ವಾರಕ್ಕೆ ಕಟಿಂಗ್‌ಗೆ 10 ಗಂಟೆ, ಮೆಷಿನ್‌ಗೆ 24 ಗಂಟೆ ಸಿಗುತ್ತದೆ. ಸಾದಾ ರವಿಕೆಗೆ 80 ರೂಪಾಯಿ ಲಾಭ, ಲೈನಿಂಗ್ ರವಿಕೆಗೆ 120. ಲಾಭ ಗರಿಷ್ಠವಾಗಲು ಯಾವುದನ್ನು ಎಷ್ಟು ಹೊಲಿಯಬೇಕು? ನಕ್ಷೆಯ ವಿಧಾನದಿಂದ ಬಿಡಿಸಿ.

ಸಾದಾ x, ಲೈನಿಂಗ್ y ಎಂದು ಇಟ್ಟುಕೊಂಡೆ. ಗಂಟೆಗಳನ್ನು ನಿಮಿಷ ಮಾಡಿ, ಎರಡನ್ನೂ 20ರಿಂದ ಭಾಗಿಸಿದಾಗ ಬಂದದ್ದು ಇದು:

```
ಕಟಿಂಗ್:   x + 2y ≤ 30
ಮೆಷಿನ್:  3x + 4y ≤ 72
ಲಾಭ:     Z = 80x + 120y
```

ಎರಡೂ ಗೆರೆ ಎಳೆದೆ, ಬಣ್ಣ ಹಚ್ಚಿದೆ, ಮೂಲೆಗಳಲ್ಲಿ ಬೆಲೆ ನೋಡಿದೆ. ಅತಿ ಹೆಚ್ಚು 2400 ಬರುತ್ತದೆ. ಉತ್ತರ 2040 ಎಂದಿದೆ. ಎಲ್ಲಿ ತಪ್ಪಿದೆ?

ಬಿ.ಎಂ. ರಸ್ತೆ

ತಪ್ಪು ನಿಮ್ಮದಲ್ಲ. 2400 ಎಂದು ಟೈಪ್ ಮಾಡುವವರು 2040 ಎಂದು ಟೈಪ್ ಮಾಡಿದ್ದಾರೆ, ಅಂಕಿ ಅದಲುಬದಲಾಗಿದೆ. ಅಭ್ಯಾಸದ ಹಾಳೆಗಳಲ್ಲಿ ಇದು ಮಾಮೂಲು. ಮುಂದಿನ ಲೆಕ್ಕಕ್ಕೆ ಹೋಗಿ.

ಆಲೂರಿನ ಹುಡುಗಿ

ನಾನೂ ಹಾಗೆಯೇ ಅಂದುಕೊಂಡೆ. ಆದರೆ ಉತ್ತರದ ಪಕ್ಕದಲ್ಲಿ x = 12, y = 9 ಎಂದೂ ಇದೆ. ಆ ಬಿಂದುವಿನಲ್ಲಿ ಲೆಕ್ಕ ಹಾಕಿದರೆ 2040 ಸರಿಯಾಗಿಯೇ ಬರುತ್ತದೆ. ನನಗೆ 2400 ಬಂದದ್ದು ಬೇರೆ ಮೂಲೆಯಲ್ಲಿ.

ಅರಸೀಕೆರೆ ಮೇಷ್ಟ್ರು

ಮಗು, ನೀನು ಬಣ್ಣ ಹಚ್ಚಿದ ಆಕೃತಿಗೆ ಯಾವ ಯಾವ ಮೂಲೆಗಳಿವೆ? ಎಲ್ಲವನ್ನೂ ಸುತ್ತಿನ ಕ್ರಮದಲ್ಲಿ ಬರೆ. ಲಾಭದ ಮಾತು ಆಮೇಲೆ.

ಆಲೂರಿನ ಹುಡುಗಿ

ಸರ್, (0,0), (30,0), (12,9), (0,18). 2400 ಬಂದದ್ದು (30,0)ಯಲ್ಲಿ.

ಅರಸೀಕೆರೆ ಮೇಷ್ಟ್ರು

ರೋಗ ಸಿಕ್ಕಿತು. ಗೆರೆಗಳು ಸರಿ, ಛೇದಿಸುವ ಬಿಂದು ಸರಿ, ಬಣ್ಣ ತಪ್ಪು.

ನೀನು ಮಾಡಿದ್ದು ಹೀಗಿರಬೇಕು. ಕಟಿಂಗ್ ಗೆರೆ ಎಳೆದು ಅದರ ಕೆಳಗಿನ ತ್ರಿಕೋನಕ್ಕೆ ಒಂದು ಬಣ್ಣ ಹಚ್ಚಿದೆ. ಮೆಷಿನ್ ಗೆರೆ ಎಳೆದು ಅದರ ಕೆಳಗೂ ಹಚ್ಚಿದೆ. ಕೊನೆಗೆ ಬಣ್ಣ ತಾಗಿದ ಜಾಗವನ್ನೆಲ್ಲ ಸೇರಿಸಿ ಒಂದೇ ಆಕೃತಿ ಎಂದುಕೊಂಡೆ. ಬೇಕಾದದ್ದು ಎರಡೂ ಬಣ್ಣ ಒಟ್ಟಿಗೆ ತಾಗಿದ ಜಾಗ ಮಾತ್ರ. ದರ್ಜಿಗೆ ಕಟಿಂಗ್ ಸಮಯವೂ ಸಾಲಬೇಕು, ಮೆಷಿನ್ ಸಮಯವೂ ಸಾಲಬೇಕು. ಒಂದು ಸಾಕಾದರೆ ಸಾಕು ಎನ್ನುವಂತಿಲ್ಲ.

(30,0) ಅಂದರೆ 30 ಸಾದಾ ರವಿಕೆ. ಕಟಿಂಗ್‌ಗೆ ಸರಿಯಾಗಿ 10 ಗಂಟೆ ಹಿಡಿಯುತ್ತದೆ, ಅದು ಸರಿಹೋಯಿತು. ಮೆಷಿನ್‌ಗೆ ರವಿಕೆಗೊಂದು ಗಂಟೆಯಂತೆ 30 ಗಂಟೆ ಬೇಕು. ಇರುವುದು 24. ಹಾಗಾಗಿ ಆ 2400 ರೂಪಾಯಿ ದರ್ಜಿಯ ಗಲ್ಲಾಪೆಟ್ಟಿಗೆಗೆ ಬರುವ ಹಣವಲ್ಲ. (0,18)ನ್ನು ನೀನೇ ಪರೀಕ್ಷಿಸು, ಅಲ್ಲಿ ಕಟಿಂಗ್ ಸಾಲುವುದಿಲ್ಲ.

ಸರಿಯಾದ ಮೂಲೆಗಳು (0,0), (24,0), (12,9), (0,15). ಬೆಲೆಗಳು ಕ್ರಮವಾಗಿ 0, 1920, 2040, 1800.

ಈಗ ನಿನ್ನ ಹಳೆಯ ಆಕೃತಿಯನ್ನು ಮತ್ತೊಮ್ಮೆ ನೋಡು. (0,18)ರಿಂದ ಇಳಿದು ಬರುವ ಗೆರೆ (12,9)ರಲ್ಲಿ ಒಳಕ್ಕೆ ಮುರಿದು, ತಟ್ಟೆಯ ಅಂಚು ಒಡೆದ ಹಾಗೆ ತಗ್ಗು ಮಾಡಿಕೊಂಡು (30,0)ಗೆ ಹೋಗುತ್ತದೆ. ಇಂಥ ಲೆಕ್ಕಗಳ ಸಾಧ್ಯ ಪ್ರದೇಶದಲ್ಲಿ ಒಳಕ್ಕೆ ಮುರಿದ ಮೂಲೆ ಎಂದೂ ಬರುವುದಿಲ್ಲ, ಏಕೆಂದರೆ ಪ್ರತಿ ನಿರ್ಬಂಧವೂ ಸರಳರೇಖೆಯ ಒಂದು ಪಕ್ಕವನ್ನು ಪೂರ್ತಿ ಕತ್ತರಿಸಿ ಎಸೆಯುತ್ತದೆ. ನೇರ ಕತ್ತರಿಯಿಂದ ಅಂಚಿನಿಂದ ಅಂಚಿಗೆ ಕತ್ತರಿಸಿದ ಬಟ್ಟೆಯಲ್ಲಿ ಒಳಮೂಲೆ ಹೇಗೆ ಬಂದೀತು? ತಗ್ಗು ಕಂಡರೆ ಬೆಲೆ ಲೆಕ್ಕ ಹಾಕುವ ಮೊದಲೇ ನಿಲ್ಲಿಸಿ ಬಣ್ಣ ತಿದ್ದು.

ನನ್ನ ತರಗತಿಯಲ್ಲಿ ನಾನು ಬಣ್ಣವನ್ನು ತಿರುಗಾಮುರುಗಾ ಹಚ್ಚಿಸುತ್ತಿದ್ದೆ. ಪ್ರತಿ ಗೆರೆ ಎಳೆದ ಕೂಡಲೇ ಬೇಡವಾದ ಪಕ್ಕಕ್ಕೆ ಪೆನ್ಸಿಲಿನಿಂದ ಗೀಚುವುದು. ಎಲ್ಲ ಮುಗಿದ ಮೇಲೆ ಏನೂ ಗೀಚದೆ ಬಿಳಿಯಾಗಿ ಉಳಿದದ್ದೇ ಸಾಧ್ಯ ಪ್ರದೇಶ. ಹಾಳೆ ಸ್ವಲ್ಪ ಕೊಳಕಾಗುತ್ತದೆ, ಆದರೆ ಈ ತಪ್ಪು ಆಗುವುದಿಲ್ಲ.

ಆಲೂರಿನ ಹುಡುಗಿ

ಅಯ್ಯೋ, ಹೌದು ಸರ್. ನನ್ನ ಹಾಳೆಯಲ್ಲಿ ತಗ್ಗು ಎದ್ದು ಕಾಣುತ್ತಿದೆ. ಎರಡು ದಿನ ಅದನ್ನೇ ನೋಡುತ್ತಾ ಕುಳಿತಿದ್ದೆ.

ಬಿ.ಎಂ. ರಸ್ತೆ

ಸರಿ, ಮುದ್ರಣದೋಷದ ಮಾತು ಹಿಂತೆಗೆದುಕೊಂಡೆ. ಆದರೆ ಇಷ್ಟೆಲ್ಲ ಮೂಲೆ ನೋಡುವುದೇಕೆ? ಎರಡು ಗೆರೆ ಛೇದಿಸುವ ಬಿಂದುವೇ ಉತ್ತರ. ಅಲ್ಲಿ ಎರಡೂ ಸಮಯ ಪೂರ್ತಿ ಬಳಕೆಯಾಗುತ್ತದೆ, ಏನೂ ವ್ಯರ್ಥವಾಗುವುದಿಲ್ಲ. ಎರಡು ಸಮೀಕರಣ ಬಿಡಿಸಿದರೆ ಐದು ನಿಮಿಷದ ಕೆಲಸ. ನಾನು ಪರೀಕ್ಷೆಯಲ್ಲಿ ಹಾಗೆಯೇ ಮಾಡಿ ಪಾಸಾಗಿದ್ದೇನೆ.

ಹೇಮಾವತಿ ದಂಡೆ

ನಿಮ್ಮ ಅದೃಷ್ಟ ಚೆನ್ನಾಗಿತ್ತು. ಇದೇ ಲೆಕ್ಕದಲ್ಲಿ ಲೈನಿಂಗ್ ರವಿಕೆಯ ಲಾಭವನ್ನು 170 ಮಾಡಿ ನೋಡಿ. (12,9)ರಲ್ಲಿ 2490 ಬರುತ್ತದೆ, (0,15)ರಲ್ಲಿ 2550. ನಾಲ್ಕು ಗಂಟೆ ಮೆಷಿನ್ ಸುಮ್ಮನೆ ನಿಂತಿರುತ್ತದೆ, ಆದರೂ ಲಾಭ ಹೆಚ್ಚು. ಲೈನಿಂಗ್ ಲಾಭವನ್ನು 100ಕ್ಕೆ ಇಳಿಸಿದರೆ (24,0) ಗೆಲ್ಲುತ್ತದೆ, 1860ರ ಎದುರು 1920.

ಲಾಭದ ಗೆರೆಯ ಇಳಿಜಾರು ಎರಡು ನಿರ್ಬಂಧಗಳ ಇಳಿಜಾರುಗಳ ನಡುವೆ ಬಿದ್ದಾಗ ಮಾತ್ರ ಛೇದನಬಿಂದು ಗೆಲ್ಲುತ್ತದೆ. ಕಟಿಂಗ್ ಗೆರೆ 1/2, ಮೆಷಿನ್ ಗೆರೆ 3/4, ಲಾಭದ ಗೆರೆ 80/120 ಅಂದರೆ 2/3. ನಡುವೆ ಇದೆ, ಸರಿಹೋಯಿತು. ಕಣ್ಣಿನಿಂದಲೇ ನೋಡಬೇಕಾದರೆ 80x + 120y = 1200 ಎಂಬ ಗೆರೆಯನ್ನು (15,0), (0,10) ಸೇರಿಸಿ ಎಳೆಯಿರಿ. ಮೂಲೆಮಟ್ಟವನ್ನು ಅದಕ್ಕೆ ಹೊಂದಿಸಿ, ದಿಕ್ಕು ಬದಲಾಗದಂತೆ ಹೊರಕ್ಕೆ ಸರಿಸುತ್ತಾ ಹೋಗಿ. ಪ್ರದೇಶವನ್ನು ಬಿಟ್ಟು ಹೋಗುವ ಮುನ್ನ ಕೊನೆಗೆ ಮುಟ್ಟುವ ಮೂಲೆಯೇ ಉತ್ತರ.

ಸೂಜಿದಾರ

ನಾನು ಹಾಸನದಲ್ಲಿ ಹನ್ನೊಂದು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಈ ಲೆಕ್ಕ ಬರೆದವರು ಹೊಲಿದವರಲ್ಲ. ಹೆಮ್ಮಿಂಗ್ ಎಲ್ಲಿ? ಹುಕ್ಕು ಯಾರು ಹಾಕುತ್ತಾರೆ? ಮೆಷಿನ್‌ನಿಂದ ಇಳಿದ ರವಿಕೆಯನ್ನು ಹಾಗೆಯೇ ಕೊಟ್ಟರೆ ಗಿರಾಕಿ ಮುಖಕ್ಕೆ ಎಸೆಯುತ್ತಾಳೆ.

ನನ್ನ ಅಂಗಡಿಯ ಕೈಕೆಲಸವನ್ನು ಪಕ್ಕದ ಬೀದಿಯ ಒಬ್ಬ ಹೆಂಗಸು ಮನೆಯಲ್ಲಿ ಮಾಡಿಕೊಡುತ್ತಾಳೆ. ಸಾದಾ ರವಿಕೆಗೆ 20 ನಿಮಿಷ, ಲೈನಿಂಗ್‌ಗೆ 35 ನಿಮಿಷ ಎಂದು ಹಿಡಿಯಿರಿ. ಮನೆಗೆಲಸದ ನಡುವೆ ವಾರಕ್ಕೆ 9 ಗಂಟೆಗಿಂತ ಹೆಚ್ಚು ಅವಳಿಗೆ ಆಗುವುದಿಲ್ಲ. ಇದನ್ನೂ ಸೇರಿಸಿದರೆ ನಿಮ್ಮ 12 ಮತ್ತು 9 ನಿಲ್ಲುತ್ತದೆಯೇ?

ಕಾಫಿ ತೋಟ, ಮೂಡಿಗೆರೆ

ಒಂದು ರವಿಕೆಗೆ ಎಷ್ಟು ಮೀಟರ್ ಬಟ್ಟೆ ಎಂದು ಪ್ರಶ್ನೆಯಲ್ಲಿ ಹೇಳಿಯೇ ಇಲ್ಲವಲ್ಲ? ಬಟ್ಟೆ ಗೊತ್ತಿಲ್ಲದೆ ಲಾಭ ಹೇಗೆ ತೆಗೆಯುತ್ತೀರಿ?

ಸೂಜಿದಾರ

ಬಟ್ಟೆ ಗಿರಾಕಿಯೇ ತರುತ್ತಾಳೆ, ಅಣ್ಣ. ಸೀರೆಯ ಜೊತೆಗೇ ರವಿಕೆಯ ತುಂಡು ಬರುತ್ತದೆ. ನಾವು ಮಾರುವುದು ಸಮಯವನ್ನು.

ಆಲೂರಿನ ಹುಡುಗಿ

ಅಕ್ಕ, ನಿಮ್ಮ ಕೈಕೆಲಸ ಸೇರಿಸಿದೆ. 20x + 35y ≤ 540. ಐದರಿಂದ ಭಾಗಿಸಿದರೆ 4x + 7y ≤ 108. (12,9) ಹಾಕಿದರೆ 48 + 63 = 111. ಮೂರು ಹೆಚ್ಚಾಯಿತು, ಅಂದರೆ 15 ನಿಮಿಷ ಸಾಲದು. ಹೊಸ ಗೆರೆ ಹಳೆಯ ಮೂಲೆಯನ್ನು ಚಿವುಟಿ ಹಾಕುತ್ತದೆ, ಅಲ್ಲಿ ಒಂದರ ಬದಲು ಎರಡು ಮೂಲೆಗಳಾಗುತ್ತವೆ.

ಈ ಸಲ ಬೇಡದ ಪಕ್ಕಕ್ಕೇ ಗೀಚಿದೆ. ಕಟಿಂಗ್ ಮತ್ತು ಕೈಕೆಲಸದ ಗೆರೆಗಳು (6,12)ರಲ್ಲಿ ಸೇರುತ್ತವೆ, ಅಲ್ಲಿ ಲಾಭ 1920. ಮೆಷಿನ್ ಮತ್ತು ಕೈಕೆಲಸ ಸೇರುವ ಜಾಗವನ್ನು ಹಾಳೆಯಲ್ಲಿ ಸರಿಯಾಗಿ ಓದಲಾಗಲಿಲ್ಲ, 14 ಮತ್ತು 7ರ ಆಸುಪಾಸು ಕಾಣುತ್ತದೆ. ಸಮೀಕರಣ ಬಿಡಿಸಿದರೆ x = 14.4, y = 7.2. ಲಾಭ 2016. (24,0) ಮತ್ತು (0,15) ಮೊದಲಿನಂತೆಯೇ ಇವೆ, ಹಾಗಾಗಿ 2016 ಗರಿಷ್ಠ. ಆದರೆ 0.4 ರವಿಕೆ ಎಂದರೇನು?

ಬಿ.ಎಂ. ರಸ್ತೆ

ದಶಾಂಶ ಬಿಟ್ಟುಬಿಡಿ. 14 ಸಾದಾ, 7 ಲೈನಿಂಗ್. ಲಾಭ 1960. ಇದರಲ್ಲಿ ಚರ್ಚೆಯೇ ಇಲ್ಲ.

ಹೇಮಾವತಿ ದಂಡೆ

ಇದೆ. ಇಡೀ ಎಳೆಯಲ್ಲಿ ನನಗೆ ರುಚಿಸಿದ್ದೇ ಇದು.

14.4 ಮತ್ತು 7.2ರ ಸುತ್ತ ನಾಲ್ಕು ಪೂರ್ಣಾಂಕ ಬಿಂದುಗಳಿವೆ. (14,7) ಒಳಗಿದೆ. (15,7) ಹಾಕಿದರೆ ಮೆಷಿನ್ 45 + 28 = 73, ಮಿತಿ 72, ಹೊರಗೆ. (14,8) ಹಾಕಿದರೆ 42 + 32 = 74, ಅದೂ ಹೊರಗೆ. (15,8) ಅಂತೂ ಕೇಳುವುದೇ ಬೇಡ. ಹೀಗೆ ನಾಲ್ಕರಲ್ಲಿ ಮೂರು ಬಿದ್ದುಹೋಗುತ್ತವೆ. ಉಳಿದ (14,7)ನ್ನೇ ಉತ್ತರವೆಂದು ನಂಬುವುದು ಸಹಜ, ಆದರೆ ಅದು ತಪ್ಪು.

ಲಾಭವನ್ನು 40(2x + 3y) ಎಂದು ಬರೆಯಿರಿ. x, y ಪೂರ್ಣಾಂಕಗಳಾದರೆ ಆವರಣದ ಒಳಗಿನದೂ ಪೂರ್ಣಾಂಕವೇ, ಹಾಗಾಗಿ ಲಾಭ 40ರ ಮೆಟ್ಟಿಲುಗಳಲ್ಲೇ ಏರುತ್ತದೆ. 2016ನ್ನು ದಾಟುವಂತಿಲ್ಲ, ಆದ್ದರಿಂದ ಸಾಧ್ಯವಿರುವ ಅತಿ ಎತ್ತರದ ಮೆಟ್ಟಿಲು 2000. ಅಲ್ಲಿ ಕಾಲಿಡಲು ಜಾಗವಿದೆಯೇ ಎಂದು ನೋಡಿದರೆ ಸಾಕು. 2x + 3y = 50 ಗೆರೆಯ ಮೇಲೆ (16,6) ಇದೆ. ಕಟಿಂಗ್ 28, ಮೆಷಿನ್ ಸರಿಯಾಗಿ 72, ಕೈಕೆಲಸ 106. ಮೂರೂ ಮಿತಿಯೊಳಗಿವೆ! ಅಲ್ಲಿಂದ ಮೂರು ಸಾದಾ ಕಡಿಮೆ ಮಾಡಿ ಎರಡು ಲೈನಿಂಗ್ ಸೇರಿಸಿದರೆ ಲಾಭ ಬದಲಾಗುವುದಿಲ್ಲ, ಎರಡೂ ಕಡೆ 240 ರೂಪಾಯಿ. (13,8) ಸಿಗುತ್ತದೆ. ಕಟಿಂಗ್ 29, ಮೆಷಿನ್ 71, ಕೈಕೆಲಸ ಸರಿಯಾಗಿ 108. ಇದೂ ಒಳಗಿದೆ. ಇನ್ನೊಂದು ಹೆಜ್ಜೆ ಇಟ್ಟು (10,10)ಕ್ಕೆ ಹೋದರೆ ಕೈಕೆಲಸ 110, ಹೊರಬಿದ್ದಿರಿ. ಆ ಕಡೆಗೆ (19,4)ಕ್ಕೆ ಹೋದರೆ ಮೆಷಿನ್ 73.

ಹಾಗಾಗಿ ಉತ್ತರ ಎರಡು, (16,6) ಮತ್ತು (13,8). ಎರಡೂ 14.4 ಮತ್ತು 7.2ರ ನೆರೆಮನೆಯವಲ್ಲ, ಒಂದೊಂದು ಒಂದೊಂದು ದಿಕ್ಕಿನಲ್ಲಿ ಸ್ವಲ್ಪ ದೂರ. ದಶಾಂಶ ಕತ್ತರಿಸಿದ್ದಕ್ಕೆ 40 ರೂಪಾಯಿ ನಷ್ಟ.

ಬಿ.ಎಂ. ರಸ್ತೆ

ಇದನ್ನು ನಾನು ಕಂಡಿರಲಿಲ್ಲ. ಕುಳಿತು ಪರೀಕ್ಷಿಸಿದೆ, ಸರಿಯಾಗಿದೆ.

ಸೂಜಿದಾರ

ನಿಮ್ಮ ಲೆಕ್ಕ ಚೆನ್ನಾಗಿದೆ, ಆದರೆ 0.4 ರವಿಕೆ ಎಂದರೆ ನನಗೆ ಅಷ್ಟೇನೂ ಆಶ್ಚರ್ಯವಿಲ್ಲ. ಶನಿವಾರ ಸಂಜೆ ಬಾಗಿಲು ಹಾಕುವಾಗ ಒಂದು ರವಿಕೆ ಮೆಷಿನ್ ಮೇಲೆ ತೋಳಿಲ್ಲದೆ ಮಲಗಿರುತ್ತದೆ. ಸೋಮವಾರ ಅಲ್ಲಿಂದಲೇ ಮುಂದುವರಿಸುತ್ತೇನೆ. ವಾರ ಮುಗಿಯಿತೆಂದು ಅರ್ಧ ಹೊಲಿದದ್ದನ್ನು ಯಾರೂ ಬಿಚ್ಚಿ ಹಾಕುವುದಿಲ್ಲ. ಐದು ವಾರ ಕೂಡಿಸಿದರೆ 72 ಸಾದಾ, 36 ಲೈನಿಂಗ್, ಪೂರ್ತಿ ಸಂಖ್ಯೆಗಳೇ ಅಲ್ಲವೇ?

ಹೇಮಾವತಿ ದಂಡೆ

ಹೌದು, ಒಪ್ಪಬೇಕಾದ ಮಾತು. ಐದು ವಾರಕ್ಕೆ ನಿಮ್ಮ ದಾರಿಯಲ್ಲಿ 10,080, ನನ್ನ ದಾರಿಯಲ್ಲಿ 10,000. ವ್ಯತ್ಯಾಸ ಒಂದು ಸಾದಾ ರವಿಕೆಯ ಲಾಭ. ಆದರೆ ಪ್ರಶ್ನೆಯಲ್ಲಿ ವಾರದ ಲೆಕ್ಕ ಕೇಳಿದ್ದಾರೆ. ವಾರದ ಕೊನೆಗೆ ಎಲ್ಲವನ್ನೂ ಗಿರಾಕಿಗೆ ಒಪ್ಪಿಸಬೇಕೆಂದಿದ್ದರೆ ಪೂರ್ಣಾಂಕವೇ ಬೇಕು.

ಅರಸೀಕೆರೆ ಮೇಷ್ಟ್ರು

ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಮೌಲ್ಯಮಾಪನ ಮಾಡುತ್ತಿದ್ದ ಕಾಲದಲ್ಲಿ ಇಂಥ ಲೆಕ್ಕಗಳ ಮೂಲೆಗಳನ್ನು ಮೊದಲೇ ಪೂರ್ಣಾಂಕ ಬರುವ ಹಾಗೆ ಹೊಂದಿಸಿಯೇ ಪ್ರಶ್ನೆ ಕೊಡುತ್ತಿದ್ದರು. ಮಗು, ನಿನ್ನ ಹಾಳೆಯಲ್ಲಿ 12 ಮತ್ತು 9 ಬಂದದ್ದು ಹಾಗೆ. ಈ ಹೊಂದಾಣಿಕೆಯಿಂದ ಮಕ್ಕಳಿಗೆ ರವಿಕೆ ಎಣಿಸುವ ವಸ್ತು ಎಂಬುದೇ ಮರೆತುಹೋಗುತ್ತದೆ ಎಂದು ನನಗೆ ಆಗಲೂ ಅನಿಸುತ್ತಿತ್ತು.

ಇನ್ನೊಂದು ಮಾತು. 14.4 ಮತ್ತು 7.2ನ್ನು ನೀನು ಹಾಳೆಯಿಂದ ಓದದೆ ಸಮೀಕರಣದಿಂದ ತೆಗೆದೆ, ಒಳ್ಳೆಯದು. ಅಲ್ಲಿ ಮೆಷಿನ್ ಗೆರೆ ಮತ್ತು ಕೈಕೆಲಸದ ಗೆರೆಗಳ ಇಳಿಜಾರು 3/4 ಮತ್ತು 4/7, ಹತ್ತಿರ ಹತ್ತಿರ. ಹೀಗೆ ಸಣ್ಣ ಕೋನದಲ್ಲಿ ಸೇರುವ ಗೆರೆಗಳಲ್ಲಿ ಪೆನ್ಸಿಲಿನ ದಪ್ಪವೇ ಬಿಂದುವನ್ನು ಆಚೀಚೆ ಎಳೆಯುತ್ತದೆ. ಯಾವ ಎರಡು ಗೆರೆಗಳು ಸೇರುತ್ತವೆ ಎಂದು ನಕ್ಷೆ ಹೇಳಲಿ, ಎಲ್ಲಿ ಸೇರುತ್ತವೆ ಎಂದು ಸಮೀಕರಣ ಹೇಳಲಿ.

ಕಾಫಿ ತೋಟ, ಮೂಡಿಗೆರೆ

ಬಟ್ಟೆಯ ವಿಷಯ ತಿಳಿಯಿತು. ಆದರೂ ನನಗೆ ಒಂದು ಸಮಾಧಾನವಿಲ್ಲ. ತೋಟದಲ್ಲಿ ಆಳಿಗೆ ದಿನಗೂಲಿ ಕೊಟ್ಟ ಮೇಲೆ ಅರ್ಧ ದಿನ ಸುಮ್ಮನೆ ಕೂರಿಸುವುದಿಲ್ಲ. ಇಲ್ಲಿ ಎಲ್ಲ ಕಡೆ ≤ ಹಾಕಿದ್ದೀರಿ. = ಹಾಕಿ ಮೂರೂ ಸಮಯವನ್ನು ಪೂರ್ತಿ ದುಡಿಸಬಾರದೇ? ಇಲ್ಲವಾದರೆ ಆ ಹೆಂಗಸಿಗೆ ಇನ್ನೊಂದು ಗಂಟೆ ಕೂಲಿ ಕೊಟ್ಟು ಕೆಲಸ ಹೆಚ್ಚಿಸಬಹುದಲ್ಲ?

ಅರಸೀಕೆರೆ ಮೇಷ್ಟ್ರು

ಮೂರಕ್ಕೂ = ಹಾಕಿದರೆ ಮೂರು ಗೆರೆಗಳೂ ಒಂದೇ ಬಿಂದುವಿನಲ್ಲಿ ಸೇರಬೇಕು. ಇಲ್ಲಿ ಸೇರುವುದಿಲ್ಲ, ಹಾಗಾಗಿ ಉತ್ತರವೇ ಇಲ್ಲದಂತಾಗುತ್ತದೆ. ಯಾವುದಾದರೂ ಒಂದು ಸಮಯ ಮಿಕ್ಕಲೇಬೇಕು.

ಎರಡನೆಯ ಪ್ರಶ್ನೆ ಒಳ್ಳೆಯದು. ಕೈಕೆಲಸ 9 ಗಂಟೆಯಿಂದ 9 ಗಂಟೆ 15 ನಿಮಿಷವಾದರೆ 108 ಇದ್ದದ್ದು 111 ಆಗುತ್ತದೆ. ಆಗ ಆ ಗೆರೆ ಸರಿಯಾಗಿ (12,9)ರ ಮೂಲಕವೇ ಹಾಯುತ್ತದೆ, ಲಾಭ 2040. ಅಲ್ಲಿ ಮೂರು ಗೆರೆಗಳೂ ಒಂದೇ ಕಡೆ ಸೇರುತ್ತವೆ, ನಿಮ್ಮ ಆಸೆಯಂತೆ ಮೂರು ಸಮಯವೂ ಪೂರ್ತಿ ಖರ್ಚು. ಆದರೆ ಆ ಹದಿನೈದು ನಿಮಿಷದಾಚೆಗೆ ಕೊಟ್ಟ ಪ್ರತಿ ನಿಮಿಷದ ಕೂಲಿಯೂ ದಂಡ. ಗೆರೆ ಹೊರಕ್ಕೆ ಹೋಗುತ್ತದೆ, ಮೂಲೆ (12,9)ರಲ್ಲೇ ನಿಲ್ಲುತ್ತದೆ, ಏಕೆಂದರೆ ಆಗ ಕಟಿಂಗ್ ಮತ್ತು ಮೆಷಿನ್ ಕೈ ಕಟ್ಟುತ್ತವೆ. ಒಂದು ಗಂಟೆ ಕೊಟ್ಟರೆ ಮುಕ್ಕಾಲು ಗಂಟೆ ನೀರಿಗೆ ಹೋಯಿತು.

ಕಾಫಿ ತೋಟ, ಮೂಡಿಗೆರೆ

ಹದಿನೈದು ನಿಮಿಷಕ್ಕೆ ಯಾವ ಆಳು ಬರುತ್ತಾಳೆ, ಮೇಷ್ಟ್ರೇ?

ಸೂಜಿದಾರ

ಬರುವುದಿಲ್ಲ. ಹದಿನೈದು ನಿಮಿಷ ನಾನೇ ಕುಳಿತು ಹುಕ್ಕು ಹಾಕುತ್ತೇನೆ.

ಆಲೂರಿನ ಹುಡುಗಿ

ಅಕ್ಕ, 16 ಮತ್ತು 6, ಇಲ್ಲವೇ 13 ಮತ್ತು 8. ಲಾಭ ಒಂದೇ ಆದರೆ ನೀವು ಯಾವುದನ್ನು ಆರಿಸುತ್ತೀರಿ? ಇನ್ನೊಂದು ಪ್ರಶ್ನೆ, ಚೂಡಿದಾರವನ್ನೂ ಸೇರಿಸಿ ಮೂರು ಬಗೆ ಮಾಡಿದರೆ ನಕ್ಷೆ ಹೇಗೆ ಬರೆಯುವುದು?

ಹೇಮಾವತಿ ದಂಡೆ

ಮೂರು ಬಗೆಯಾದರೆ ಗೆರೆಗಳ ಜಾಗದಲ್ಲಿ ಸಮತಲಗಳು ಬರುತ್ತವೆ, ಪ್ರದೇಶ ಹರಳಿನಂತೆ ಘನವಾಗುತ್ತದೆ. ಕಾಗದದ ಮೇಲೆ ಒಂದು ಅಂದಾಜಿನ ಚಿತ್ರ ಬಿಡಿಸಬಹುದು, ಉತ್ತರ ಓದಲಾಗದು. ಅಂಥ ಲೆಕ್ಕಗಳಿಗಾಗಿಯೇ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ರೂಪಿಸಿದರು. ಒಂದು ಮೂಲೆಯಲ್ಲಿ ನಿಂತು, ಲಾಭ ಏರುವ ಅಂಚು ಹಿಡಿದು ಪಕ್ಕದ ಮೂಲೆಗೆ ನಡೆಯುವುದು, ಏರುವ ಅಂಚು ಇಲ್ಲದಾದಾಗ ನಿಲ್ಲುವುದು. ಆ ವಿಧಾನವೂ 14.4ರಂಥ ಮೂಲೆಗೇ ತಂದು ನಿಲ್ಲಿಸುತ್ತದೆ, ಪೂರ್ಣಾಂಕದ ತಲೆನೋವು ಅಲ್ಲಿಯೂ ತಪ್ಪುವುದಿಲ್ಲ.

ಸೂಜಿದಾರ

ಪುಟ್ಟಿ, ನಾನು 16 ಮತ್ತು 6ನ್ನೇ ಆರಿಸುತ್ತೇನೆ. ಅದರಲ್ಲಿ ಮೆಷಿನ್ ಮಿಕ್ಕುವುದಿಲ್ಲ ನಿಜ, ಆದರೆ ಕಟಿಂಗ್‌ನಲ್ಲಿ 40 ನಿಮಿಷ, ಕೈಕೆಲಸದಲ್ಲಿ 10 ನಿಮಿಷ ಉಳಿಯುತ್ತದೆ. 13 ಮತ್ತು 8 ಮಾಡಿದರೆ ಆ ಹೆಂಗಸಿನ ಕೈಯಲ್ಲಿ ಒಂದು ನಿಮಿಷವೂ ಮಿಕ್ಕುವುದಿಲ್ಲ. ಅವಳ ಮಗುವಿಗೆ ಒಂದು ದಿನ ಜ್ವರ ಬಂದರೆ ಸಾಕು, ಎಂಟು ಲೈನಿಂಗ್ ರವಿಕೆಗಳೂ ಹುಕ್ಕಿಲ್ಲದೆ ನೇತಾಡುತ್ತವೆ. ಮೆಷಿನ್ ನನ್ನದು, ರಾತ್ರಿ ಅರ್ಧ ಗಂಟೆ ಹೆಚ್ಚು ತುಳಿಯಬಲ್ಲೆ.

ಆದರೆ ಇದು ಸಾಧಾರಣ ವಾರದ ಮಾತು. ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಬರುವವರೆಲ್ಲ ರೇಷ್ಮೆ ಸೀರೆ ಹಿಡಿದು ಲೈನಿಂಗ್ ರವಿಕೆಯನ್ನೇ ಕೇಳುತ್ತಾರೆ. ಸಾದಾ ಹೊಲಿಸುವವರೇ ಇರುವುದಿಲ್ಲ. ಹದಿನಾರು ಸಾದಾ ರವಿಕೆ ನಾನು ಎಲ್ಲಿಂದ ತರಲಿ? ಆ ವಾರಕ್ಕೆ ಇನ್ನೊಂದು ಗೆರೆ ಬೇಕಾಗುತ್ತದೆ.

ಆಲೂರಿನ ಹುಡುಗಿ

x ≤ 5 ಎಂದು ಹಾಕಲೇ, ಅಕ್ಕ?

ಸೂಜಿದಾರ

ಮೂರು ಸಾಕು.